ಕೀರ್ತನೆ 51:10, 51:12, 50:12: ಒಂದೇ ಸಾಲಿಗೆ ಮೂರು ವಿಳಾಸ

‘ಹೃದಯ’ ಎಂಬ ಪದ ಮೂರು ಧರ್ಮಗ್ರಂಥಗಳಲ್ಲಿ ಹೇಗೆ ಬಳಕೆಯಾಗಿದೆ ಎಂಬ ಬಗ್ಗೆ ನಾವು ಬರೆಯುತ್ತಿದ್ದ ಒಂದು ಪ್ರಬಂಧ. ಹೀಬ್ರೂ ಕೀರ್ತನೆಗಳಿಂದ ‘ನನ್ನಲ್ಲಿ ಶುದ್ಧ ಹೃದಯವನ್ನು ಸೃಷ್ಟಿಸು’ ಎಂಬ ಸಾಲು, ಭಗವದ್ಗೀತೆಯ ಹದಿಮೂರನೆಯ ಅಧ್ಯಾಯದಿಂದ ‘ಹೃದಿ ಸರ್ವಸ್ಯ ವಿಷ್ಠಿತಮ್’, ಕುರ್‌ಆನಿನ ಎರಡನೆಯ ಸೂರಾದಿಂದ ‘ದೇವರು ಅವರ ಹೃದಯಗಳ ಮೇಲೆ ಮುದ್ರೆಯೊತ್ತಿದ್ದಾನೆ’ ಎಂಬ ವಾಕ್ಯ. ವಾದವೆಲ್ಲ ನಿಂತಿರುವುದು ಈ ಮೂರರ ಮೇಲೆ. ಮೊದಲ ಕರಡು ಮುಗಿದು ಅಡಿಟಿಪ್ಪಣಿಗಳನ್ನು ಒಪ್ಪ ಮಾಡಲು ಕೂತಾಗ ಗೊಂದಲ ಎದುರಾಯಿತು. ಬೇರೆ ಬೇರೆ ಪುಸ್ತಕಗಳಿಂದ ಬರೆದುಕೊಂಡ ಚೀಟಿಗಳಲ್ಲಿ ಕೀರ್ತನೆಯ ಅದೇ ಸಾಲಿಗೆ ಒಂದು ಕಡೆ 51:10, ಇನ್ನೊಂದು ಕಡೆ 51:12, ಮತ್ತೊಂದು ಕಡೆ 50:12 ಎಂದಿತ್ತು. ಗೀತೆಯ ಸಾಲು 13.17 ಎಂದೂ ಇತ್ತು, 13.18 ಎಂದೂ ಇತ್ತು. ಕುರ್‌ಆನಿನ ವಾಕ್ಯ 2:7 ಎಂದೂ 2:8 ಎಂದೂ ಇತ್ತು.

ಇವುಗಳಲ್ಲಿ ಒಂದೂ ಅಚ್ಚಿನ ತಪ್ಪಲ್ಲ. ಪ್ರತಿಯೊಂದೂ ತಾನು ಬಂದ ಪುಸ್ತಕದೊಳಗೆ ಸರಿ. ಬೇರೆ ಪುಸ್ತಕದ ಮಾತಿನ ಪಕ್ಕ ಅದನ್ನು ಇಟ್ಟ ಕ್ಷಣ ಮಾತ್ರ ತಪ್ಪಾಗುತ್ತದೆ. ಮುಂದಿನದು ಆ ಉಲ್ಲೇಖಗಳನ್ನು ಒಂದೊಂದಾಗಿ ಸರಿಪಡಿಸಿದ ಬಗೆ.

ಮೊದಲು ಮಾಡಿದ್ದು ಒಂದು ಪಟ್ಟಿ. ಐದು ಕಲಮು: ಪ್ರಬಂಧದಲ್ಲಿ ಉಲ್ಲೇಖ ಬರುವ ಪುಟ, ಮೂಲಭಾಷೆಯಲ್ಲಿ ಆ ವಾಕ್ಯದ ಮೊದಲ ಎರಡು ಮೂರು ಪದ, ನಾವು ನಿಜಕ್ಕೂ ಕೈಯಲ್ಲಿ ಹಿಡಿದು ಓದಿದ ಆವೃತ್ತಿ, ಆ ಆವೃತ್ತಿಯಲ್ಲಿರುವ ಸಂಖ್ಯೆ, ಬೇರೆ ಎಣಿಕೆಗಳಲ್ಲಿ ಅದರ ಸಂಖ್ಯೆ. ಎರಡನೆಯ ಕಲಮು ಹೆಚ್ಚಿನ ಕೆಲಸ ಎಂದು ತೋರಬಹುದು, ಆದರೆ ಉಳಿದ ನಾಲ್ಕೂ ಅದರ ಮೇಲೆ ನಿಂತಿವೆ. ಸಂಸ್ಕೃತ ವ್ಯಾಖ್ಯಾನಕಾರರು ಶ್ಲೋಕವನ್ನು ಸಂಖ್ಯೆಯಿಂದಲ್ಲ, ಅದರ ಮೊದಲ ಪದಗಳಿಂದ, ಅಂದರೆ ಪ್ರತೀಕದಿಂದ, ಗುರುತಿಸುತ್ತಿದ್ದರು. ಲ್ಯಾಟಿನ್ ಪರಂಪರೆಯಲ್ಲಿ ಕೀರ್ತನೆಗಳಿಗೆ ಮೊದಲ ಪದವೇ ಹೆಸರು. ಐವತ್ತೊಂದನೆಯ ಕೀರ್ತನೆ ಅಲ್ಲಿ ‘ಮಿಸೆರೇರೆ’. ಸಂಖ್ಯೆಯನ್ನು ಕೊಟ್ಟವರು ಸಂಪಾದಕರು, ಪ್ರತೀಕ ಇರುವುದು ಪಠ್ಯದೊಳಗೇ. ಹಾಗಾಗಿ ಸಂಖ್ಯೆ ಅನುಮಾನ ಹುಟ್ಟಿಸಿದಾಗಲೆಲ್ಲ ಪ್ರತೀಕ ಹಿಡಿದು ಹುಡುಕಿದೆವು.

ಕೀರ್ತನೆಯಲ್ಲಿ ಆದದ್ದು ಹೀಗೆ. ಐವತ್ತೊಂದನೆಯ ಕೀರ್ತನೆಗೆ ಉದ್ದದೊಂದು ಶೀರ್ಷಿಕೆ ಇದೆ: ಇದು ದಾವೀದನ ಕೀರ್ತನೆ, ಬತ್ಷೆಬೆಯ ಪ್ರಸಂಗದ ನಂತರ ಪ್ರವಾದಿ ನಾತಾನನು ಅವನ ಬಳಿಗೆ ಬಂದಾಗಿನದು ಎಂಬ ವಿವರ. ಹೀಬ್ರೂ ಬೈಬಲ್ ಆ ಶೀರ್ಷಿಕೆಯನ್ನೇ ಮೊದಲ ಎರಡು ವಚನಗಳಾಗಿ ಎಣಿಸುತ್ತದೆ. ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದವೂ ಎನ್‌ಆರ್‌ಎಸ್‌ವಿ ಅನುವಾದವೂ ಶೀರ್ಷಿಕೆಯನ್ನು ಅಂಕಿಯಿಲ್ಲದೆ ಮೇಲೆ ಬಿಟ್ಟು, ಪ್ರಾರ್ಥನೆ ಶುರುವಾಗುವಲ್ಲಿಂದ 1 ಎನ್ನುತ್ತವೆ. ಅದರಿಂದ ಇಡೀ ಕೀರ್ತನೆ ಹೀಬ್ರೂವಿನಲ್ಲಿ 21 ವಚನ, ಇಂಗ್ಲಿಷಿನಲ್ಲಿ 19. ‘ಲೇವ್ ತಾಹೋರ್’ ಎಂದು ಶುರುವಾಗುವ ನಮ್ಮ ಸಾಲು ಹೀಬ್ರೂವಿನಲ್ಲಿ 51:12, ಇಂಗ್ಲಿಷಿನಲ್ಲಿ 51:10.

ಎಲ್ಲ ಕೀರ್ತನೆಗೂ ಎರಡು ಕೂಡಿಸಿದರೆ ಆಯಿತು ಎಂದುಕೊಂಡರೆ ಕೆಡುತ್ತದೆ. ಇಪ್ಪತ್ತಮೂರನೆಯ ಕೀರ್ತನೆಯ ಚಿಕ್ಕ ಶೀರ್ಷಿಕೆ ಮೊದಲ ವಚನದೊಳಗೇ ಸೇರಿಕೊಂಡಿದೆ, ಅಲ್ಲಿ ವ್ಯತ್ಯಾಸವೇ ಇಲ್ಲ. ಮೂರನೆಯ ಕೀರ್ತನೆಯಲ್ಲಿ ಶೀರ್ಷಿಕೆ ಒಂದು ವಚನ, ವ್ಯತ್ಯಾಸ ಒಂದು. 51, 52, 54, 60ರಲ್ಲಿ ಎರಡು. ಆದ್ದರಿಂದ ಪ್ರತಿ ಕೀರ್ತನೆಯನ್ನೂ ತೆರೆದು ನೋಡಲೇಬೇಕು. ಅನುವಾದ ಇಂಗ್ಲಿಷಿನದಾದ ಮಾತ್ರಕ್ಕೆ ಎಣಿಕೆ ಇಂಗ್ಲಿಷಿನದು ಎಂದೂ ಅಲ್ಲ. ಯಹೂದಿ ಪ್ರಕಾಶನ ಸಂಸ್ಥೆಯ ಇಂಗ್ಲಿಷ್ ಅನುವಾದ ಹೀಬ್ರೂ ಎಣಿಕೆಯನ್ನೇ ಇಟ್ಟುಕೊಂಡಿದೆ. ಅಮೆರಿಕದ ಕ್ಯಾಥೊಲಿಕರ ‘ನ್ಯೂ ಅಮೆರಿಕನ್ ಬೈಬಲ್’ ಕೂಡ ಈ ಸಾಲನ್ನು 51:12 ಎನ್ನುತ್ತದೆ.

ಇನ್ನು 50:12. ಇದು ವಚನದ ವ್ಯತ್ಯಾಸವಲ್ಲ, ಕೀರ್ತನೆಯ ಸಂಖ್ಯೆಯೇ ಬೇರೆ. ಹಳೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ ಹೀಬ್ರೂವಿನ 9 ಮತ್ತು 10ನೆಯ ಕೀರ್ತನೆಗಳನ್ನು ಒಂದೇ ಕೀರ್ತನೆಯಾಗಿ ಓದುತ್ತದೆ. ಅವೆರಡೂ ಸೇರಿ ಅಕ್ಷರಮಾಲೆಯ ಕ್ರಮದಲ್ಲಿ ಸಾಗುವ ರಚನೆಯಾದ್ದರಿಂದ ಆ ಓದಿಗೆ ಕಾರಣವೂ ಇದೆ. ಅಲ್ಲಿಂದ ಮುಂದೆ ಸಂಖ್ಯೆ ಒಂದು ಹಿಂದೆ ಬೀಳುತ್ತದೆ. ಹೀಬ್ರೂವಿನ 114, 115 ಮತ್ತೆ ಸೇರಿ 113 ಆಗುತ್ತವೆ, 116 ಒಡೆದು 114 ಮತ್ತು 115 ಆಗುತ್ತದೆ. ಕೊನೆಗೆ 147 ಒಡೆದು 146, 147 ಆಗಿ ಲೆಕ್ಕ ಸರಿಹೋಗುತ್ತದೆ. 148ರಿಂದ 150ರವರೆಗೆ ಎರಡೂ ಕಡೆ ಒಂದೇ ಸಂಖ್ಯೆ. ಲ್ಯಾಟಿನ್ ವಲ್ಗೇಟ್ ಈ ಗ್ರೀಕ್ ಎಣಿಕೆಯನ್ನು ಅನುಸರಿಸಿತು, ವಲ್ಗೇಟಿನಿಂದ ಬಂದ ಡುವೇ-ರೀಮ್ಸ್ ಇಂಗ್ಲಿಷ್ ಅನುವಾದವೂ ಹಾಗೆಯೇ. ಶೀರ್ಷಿಕೆಯನ್ನು ಇವೂ ವಚನವಾಗಿ ಎಣಿಸುವುದರಿಂದ ನಮ್ಮ ಸಾಲು ಇವುಗಳಲ್ಲಿ 50:12.

ಅತಿ ಕೆಟ್ಟ ತಪ್ಪು ಹುಟ್ಟುವುದು ಅರ್ಧ ತಿದ್ದಿದಾಗ. ನಮ್ಮ ಕರಡಿನಲ್ಲೇ ಒಂದು ಕಡೆ ಹಾಗಾಗಿತ್ತು. ಲ್ಯಾಟಿನ್ ವ್ಯಾಖ್ಯಾನವೊಂದರಿಂದ ಬಂದ 50:12 ಎಂಬ ಉಲ್ಲೇಖದಲ್ಲಿ 50 ಎಂಬುದನ್ನು 51 ಎಂದು ತಿದ್ದಿ, 12 ಅನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಎನ್‌ಆರ್‌ಎಸ್‌ವಿ ಎಂದು ಬರೆದಾಗಿತ್ತು. ಎನ್‌ಆರ್‌ಎಸ್‌ವಿಯಲ್ಲಿ 51:12 ತೆರೆದರೆ ಅಲ್ಲಿರುವುದು ರಕ್ಷಣೆಯ ಆನಂದವನ್ನು ನನಗೆ ಮರಳಿ ಕೊಡು ಎಂಬ ಬೇರೆಯದೇ ಬೇಡಿಕೆ. ಓದುಗ ಅಲ್ಲಿ ಹೃದಯ ಎಂಬ ಪದವನ್ನು ಹುಡುಕುತ್ತಾ ಕೂರುತ್ತಾನೆ. ಈ ಬಗೆಯ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ 51:12 ಎಂಬುದು ನಿಜವಾಗಿಯೂ ಇರುವ ವಿಳಾಸ. ಪ್ರತೀಕದ ಕಲಮು ಇದ್ದದ್ದರಿಂದ ಸಿಕ್ಕಿತು: ಪಟ್ಟಿಯಲ್ಲಿ ‘ಲೇವ್ ತಾಹೋರ್’, ಪುಸ್ತಕದಲ್ಲಿ ಇನ್ನೇನೋ.

ಇದೆಲ್ಲ ನೋಡಿದ ಮೇಲೆ ಒಂದು ಎಣಿಕೆಯನ್ನು ಆಧಾರವಾಗಿ ಆರಿಸಬೇಕಾಯಿತು. ನಮ್ಮ ವಾದ ಹೀಬ್ರೂ ಪದಗಳ ಮೇಲೆ ನಿಂತದ್ದರಿಂದ ಹೀಬ್ರೂ ಎಣಿಕೆ ಆರಿಸಿದೆವು. ಓದಿದ್ದು ‘ಬಿಬ್ಲಿಯಾ ಹೆಬ್ರಾಯಿಕಾ ಸ್ಟುಟ್‌ಗಾರ್ಟೆನ್ಸಿಯಾ’ ಆವೃತ್ತಿ. ವಾದ ಅನುವಾದದ ಮಟ್ಟದಲ್ಲೇ ನಡೆಯುವ ಪ್ರಬಂಧವಾಗಿದ್ದರೆ ಆ ಅನುವಾದದ ಎಣಿಕೆಯನ್ನೇ ಇಟ್ಟುಕೊಳ್ಳುವುದು ಸರಿ. ಯಾವುದನ್ನು ಆರಿಸಿದಿರಿ ಎಂಬುದನ್ನು ಮೊದಲ ಉಲ್ಲೇಖದ ಅಡಿಟಿಪ್ಪಣಿಯಲ್ಲೇ ಹೇಳಿಬಿಡಬೇಕು. ನಮ್ಮದು ಹೀಗಿತ್ತು:

ಕೀರ್ತನೆಗಳ ಅಧ್ಯಾಯ ಮತ್ತು ವಚನ ಸಂಖ್ಯೆಗಳು ಹೀಬ್ರೂ ಆವೃತ್ತಿಯವು. ಇಂಗ್ಲಿಷ್ ಅನುವಾದಗಳ ಸಂಖ್ಯೆ ಬೇರೆ ಇದ್ದಲ್ಲಿ ಚೌಕ ಕಂಸದಲ್ಲಿ ‘ಇಂ.’ ಎಂದೂ, ಗ್ರೀಕ್ ಸಂಖ್ಯೆ ಬೇಕಾದಲ್ಲಿ ‘ಗ್ರೀ.’ ಎಂದೂ ಕೊಟ್ಟಿದೆ. ಬೇರೆ ಸೂಚನೆ ಇಲ್ಲದ ಕಡೆ ಅನುವಾದ ಲೇಖಕರದು.

ಆಮೇಲೆ ಪಠ್ಯದೊಳಗೆ ಇಷ್ಟೇ: ಕೀರ್ತನೆ 51:12 [ಇಂ. 51:10, ಗ್ರೀ. 50:12]. ಸಂಖ್ಯೆ ಒಂದೇ ಇರುವ ಕಡೆ ಕಂಸ ಬೇಡ. ಎಲ್ಲೆಡೆ ಹಾಕಿದರೆ ಪುಟ ಅಂಕಿಗಳಿಂದ ತುಂಬಿ, ನಿಜವಾಗಿ ಬೇಕಾದ ಕಡೆ ಓದುಗ ಗಮನಿಸುವುದಿಲ್ಲ. ಈ ವ್ಯತ್ಯಾಸ ಕೀರ್ತನೆಗಳಲ್ಲಿ ಮಾತ್ರ ಇದೆ ಎಂದುಕೊಳ್ಳಬಾರದು. ಇಂಗ್ಲಿಷಿನ ಯೋವೇಲ 2:28 ಹೀಬ್ರೂವಿನಲ್ಲಿ 3:1. ಇಂಗ್ಲಿಷಿನಲ್ಲಿ ಮಲಾಕಿಗೆ ನಾಲ್ಕು ಅಧ್ಯಾಯ, ಹೀಬ್ರೂವಿನಲ್ಲಿ ಮೂರೇ. 4:1 ಅಲ್ಲಿ 3:19.

ಇತರ ವಿದ್ವಾಂಸರ ಮಾತನ್ನು ಉದ್ಧರಿಸುವಾಗ ಇನ್ನೊಂದು ಎಚ್ಚರ ಬೇಕು. ಅವರ ವಾಕ್ಯದೊಳಗಿನ ಸಂಖ್ಯೆಯನ್ನು ನಮ್ಮ ಎಣಿಕೆಗೆ ತಿದ್ದುವಂತಿಲ್ಲ. ಉದ್ಧರಣ ಚಿಹ್ನೆಯೊಳಗೆ ಅದು ಅವರ ಮಾತು. ಆಗಸ್ಟೀನನ ಲ್ಯಾಟಿನ್ ವ್ಯಾಖ್ಯಾನ ಈ ಕೀರ್ತನೆಯನ್ನು 50 ಎಂದೇ ಕರೆಯುತ್ತದೆ, ಅವನ ಕೃತಿಯ ಇಂಗ್ಲಿಷ್ ಅನುವಾದಗಳಲ್ಲಿ ಕೆಲವು ಅದನ್ನು 51 ಎಂದು ಬದಲಿಸಿವೆ. ಆದ್ದರಿಂದ ಓದಿದ್ದು ಲ್ಯಾಟಿನ್ ಆವೃತ್ತಿಯೋ ಅನುವಾದವೋ ಎಂದು ಹೇಳದೆ ಬರೀ ‘ಆಗಸ್ಟೀನ, 50ನೆಯ ಕೀರ್ತನೆಯ ವ್ಯಾಖ್ಯಾನ’ ಎಂದರೆ ಸಾಲದು. ಅವರ ಸಂಖ್ಯೆಯನ್ನು ಹಾಗೇ ಉಳಿಸಿ, ಪಕ್ಕದ ಚೌಕ ಕಂಸದಲ್ಲಿ ನಮ್ಮದನ್ನು ಕೊಟ್ಟೆವು. ಚೌಕ ಕಂಸ ಎಂದರೆ ಅದು ಸೇರಿಸಿದವರ ಮಾತು ಎಂಬ ಗುರುತು. ದುಂಡು ಕಂಸ ಹಾಕಿದರೆ ಮೂಲದಲ್ಲೇ ಇತ್ತು ಎಂದಾಗುತ್ತದೆ.

ಸಂಖ್ಯೆ ಒಂದು ಹದಕ್ಕೆ ಬಂದ ಮೇಲೆ ಅನುವಾದದ ಪ್ರಶ್ನೆ. ಕೀರ್ತನೆಯ ಅದೇ ವಚನದ ಎರಡನೆಯ ಅರ್ಧದಲ್ಲಿ ‘ರೂಅಹ್ ನಾಖೋನ್’ ಎಂಬ ಮಾತಿದೆ. ‘ನಾಖೋನ್’ ಎಂದರೆ ಗಟ್ಟಿಯಾಗಿ ನೆಲೆಗೊಂಡದ್ದು, ಅಲುಗಾಡದ್ದು. ಸೆಪ್ಟುಅಜಿಂಟ್ ಅದನ್ನು ‘ಎವ್ಥೆಸ್’, ಅಂದರೆ ನೇರವಾದದ್ದು, ಎಂದಿತು. ಕಿಂಗ್ ಜೇಮ್ಸ್ ಮತ್ತು ಎನ್‌ಆರ್‌ಎಸ್‌ವಿ ‘ಸರಿಯಾದ ಆತ್ಮ’ ಎಂಬ ಅರ್ಥದ ಪದವನ್ನು ಪಠ್ಯದಲ್ಲಿಟ್ಟು, ‘ಸ್ಥಿರ’ ಎಂಬ ಅರ್ಥವನ್ನು ಅಂಚಿಗೋ ಅಡಿಟಿಪ್ಪಣಿಗೋ ತಳ್ಳಿದವು. ಯಹೂದಿ ಅನುವಾದ ‘ಸ್ಥಿರ’ ಎಂದೇ ಪಠ್ಯದಲ್ಲಿ ಹಾಕಿತು. ನಮ್ಮ ವಾದ ಸ್ಥಿರತೆಯ ಬಗ್ಗೆ: ಹೃದಯ ಹೊಸದಾಗಿ ಸೃಷ್ಟಿಯಾದರೆ ಸಾಲದು, ಅದು ನೆಲೆನಿಲ್ಲಬೇಕು ಎಂದು ಪ್ರಾರ್ಥನೆ ಕೇಳುತ್ತದೆ ಎಂಬುದು. ಹಾಗಿದ್ದಾಗ ಎನ್‌ಆರ್‌ಎಸ್‌ವಿ ಪಠ್ಯವನ್ನು ಉದ್ಧರಿಸಿ, ಕೆಳಗೆ ಸ್ಥಿರತೆಯ ಬಗ್ಗೆ ಬರೆದರೆ, ಉದ್ಧರಣೆಯೇ ವಾದದ ವಿರುದ್ಧ ಸಾಕ್ಷಿ ಹೇಳುತ್ತದೆ.

ಎದುರಿಗಿದ್ದ ದಾರಿ ಮೂರು. ಒಂದು, ವಾದಕ್ಕೆ ಹೊಂದುವ ಪ್ರಕಟಿತ ಅನುವಾದವನ್ನು ಆರಿಸುವುದು. ಒಂದೇ ಪ್ರಬಂಧದಲ್ಲಿ ಪ್ರತಿ ವಚನಕ್ಕೂ ತನಗೆ ಬೇಕಾದ ಅನುವಾದವನ್ನು ಆರಿಸಿಕೊಳ್ಳುತ್ತ ಹೋದರೆ ಪರೀಕ್ಷಕರಿಗೆ ಅನುಮಾನ ಬರುವುದು ಸಹಜ, ಬರಬೇಕಾದದ್ದೂ ಹೌದು. ಎರಡು, ಒಂದು ಅನುವಾದವನ್ನು ಇಟ್ಟುಕೊಂಡು ಬೇಕಾದ ಪದವನ್ನು ಬದಲಿಸಿ, ‘ಅನುವಾದದಲ್ಲಿ ಒಂದು ಪದ ಬದಲಿಸಿದೆ’ ಎಂದು ಅಲ್ಲೇ ಹೇಳಿ, ಯಾವ ಪದ ಏಕೆ ಎಂದು ಟಿಪ್ಪಣಿಯಲ್ಲಿ ಕೊಡುವುದು. ಮೂರು, ಸ್ವಂತ ಅನುವಾದ. ವಾದಕ್ಕೆ ಆಧಾರವಾದ ಮೂರು ವಾಕ್ಯಗಳಿಗೆ ಮೂರನೆಯದನ್ನೇ ಆರಿಸಿ, ಯಾವ ಆವೃತ್ತಿಯಿಂದ ಅನುವಾದಿಸಿದ್ದೆಂದು ಹೇಳಿ, ಮೂಲಪದಗಳನ್ನು ಪಕ್ಕದಲ್ಲೇ ಕೊಟ್ಟೆವು. ಬೈಬಲಿನ ಉಳಿದ ಉಲ್ಲೇಖಗಳಿಗೆಲ್ಲ ಎನ್‌ಆರ್‌ಎಸ್‌ವಿ ಒಂದೇ.

ಇಲ್ಲೊಂದು ಪ್ರಾಮಾಣಿಕತೆಯ ಮಾತಿದೆ, ಕನ್ನಡದಲ್ಲಿ ಬರೆಯುವವರು ಇದನ್ನು ಗಟ್ಟಿಯಾಗಿ ಹಿಡಿಯಬೇಕು. ಎನ್‌ಆರ್‌ಎಸ್‌ವಿಯ ಇಂಗ್ಲಿಷನ್ನು ಓದಿ ಅದನ್ನು ಕನ್ನಡಕ್ಕೆ ತಂದರೆ ಅದು ಹೀಬ್ರೂವಿನ ಅನುವಾದವಲ್ಲ. ‘ಅನುವಾದ ಲೇಖಕರದು’ ಎಂಬ ಮಾತು ಅಲ್ಲಿ ಸುಳ್ಳಾಗುತ್ತದೆ. ‘ಎನ್‌ಆರ್‌ಎಸ್‌ವಿಯಿಂದ ಕನ್ನಡಕ್ಕೆ’ ಎಂದು ಬರೆಯಬೇಕು. ಹೀಬ್ರೂ ಓದಲು ಬಾರದವರು ಹೀಬ್ರೂ ಆವೃತ್ತಿಯ ಹೆಸರನ್ನು ಟಿಪ್ಪಣಿಯಲ್ಲಿ ಹಾಕಬಾರದು. ಓದಿದ್ದನ್ನು ಮಾತ್ರ ಉಲ್ಲೇಖಿಸಬೇಕು; ಇನ್ನೊಬ್ಬರ ಪುಸ್ತಕದ ಮೂಲಕ ತಿಳಿದ ಮೂಲಪದವನ್ನು ಆ ಪುಸ್ತಕದ ಹೆಸರಿನ ಸಮೇತ ಕೊಡಬೇಕು. ಹಾಗೆ ಕೊಟ್ಟರೆ ಪ್ರಬಂಧದ ಬೆಲೆ ತಗ್ಗುವುದಿಲ್ಲ. ಕೊಡದೆ ಇದ್ದು, ಆ ಪುಸ್ತಕದ ಅಚ್ಚಿನ ತಪ್ಪೇ ನಮ್ಮ ಪ್ರಬಂಧದಲ್ಲೂ ಕಾಣಿಸಿಕೊಂಡರೆ ಮೂಲ ನೋಡಿಲ್ಲವೆಂಬುದು ಬಯಲಾಗುತ್ತದೆ.

ಅನುವಾದದ ಮಾತು ಯಾವ ಪುಸ್ತಕದ್ದೋ ಸಂಖ್ಯೆಯೂ ಅದೇ ಪುಸ್ತಕದ್ದಾಗಿರಬೇಕು. ಕಿಂಗ್ ಜೇಮ್ಸ್‌ನ ಮಾತನ್ನು ಉದ್ಧರಿಸಿ 51:12 ಎಂದು ಹಾಕಿದರೆ, ಮೊದಲ ಟಿಪ್ಪಣಿಯಲ್ಲಿ ಎಷ್ಟೇ ವಿವರಿಸಿದ್ದರೂ, ಕಿಂಗ್ ಜೇಮ್ಸ್ ತೆರೆದವನಿಗೆ ಸಿಗುವುದು ಬೇರೆ ವಚನ. ಅಂಥ ಕಡೆ ಕ್ರಮ ತಿರುಗಿಸಿದೆವು: 51:10, ಕಿಂಗ್ ಜೇಮ್ಸ್ [ಹೀ. 51:12].

ಗೀತೆಯದು ಕಿರಿದಾದ ತೊಡಕು, ಆದರೆ ಸಿಕ್ಕಿಬೀಳುವವರು ಬಹಳ. ಹದಿಮೂರನೆಯ ಅಧ್ಯಾಯದ ಆರಂಭದಲ್ಲಿ ಕೆಲವು ಪ್ರತಿಗಳಲ್ಲಿ ಅರ್ಜುನನ ಪ್ರಶ್ನೆಯೊಂದಿದೆ: ‘ಪ್ರಕೃತಿಂ ಪುರುಷಂ ಚೈವ’ ಎಂದು ಶುರುವಾಗುವ ಶ್ಲೋಕ. ಬೇರೆ ಪ್ರತಿಗಳಲ್ಲಿ ಆ ಶ್ಲೋಕವಿಲ್ಲ, ಅಧ್ಯಾಯ ನೇರವಾಗಿ ‘ಇದಂ ಶರೀರಂ ಕೌಂತೇಯ’ ಎಂಬ ಕೃಷ್ಣನ ಮಾತಿನಿಂದ ತೊಡಗುತ್ತದೆ. ಶಂಕರರ ಭಾಷ್ಯ ಆ ಪ್ರಶ್ನೆಗೆ ವ್ಯಾಖ್ಯಾನ ಬರೆದಿಲ್ಲ, ಭಾಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಮಹಾಭಾರತವೂ ಅದನ್ನು ಪಠ್ಯದಲ್ಲಿ ಇಟ್ಟುಕೊಂಡಿಲ್ಲ. ಪ್ರಶ್ನೆ ಇಲ್ಲದಿದ್ದರೆ ಅಧ್ಯಾಯಕ್ಕೆ 34 ಶ್ಲೋಕ, ಗೀತೆಗೆ 700. ಇದ್ದರೆ 35 ಮತ್ತು 701. ಇನ್ನು ಕೆಲವು ಮುದ್ರಣಗಳು ಶ್ಲೋಕವನ್ನು ಅಚ್ಚು ಹಾಕಿ ಅಂಕಿ ಕೊಡದೆ ಬಿಟ್ಟಿವೆ. ಹೀಗಾಗಿ ಆ ಶ್ಲೋಕ ಕಣ್ಣಿಗೆ ಕಂಡ ಮಾತ್ರಕ್ಕೆ ಎಣಿಕೆ 35 ಎಂದುಕೊಳ್ಳುವಂತಿಲ್ಲ. ಅಧ್ಯಾಯದ ಕೊನೆಯ ಅಂಕಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ನಮ್ಮ ಶ್ಲೋಕ ‘ಜ್ಯೋತಿಷಾಮಪಿ ತಜ್ಜ್ಯೋತಿಃ’ ಎಂದು ಶುರುವಾಗಿ ‘ಹೃದಿ ಸರ್ವಸ್ಯ ವಿಷ್ಠಿತಮ್’ ಎಂದು ಮುಗಿಯುತ್ತದೆ. 34ರ ಎಣಿಕೆಯಲ್ಲಿ ಅದು 13.17, 35ರಲ್ಲಿ 13.18. ತಪ್ಪಿ 34ರ ಪುಸ್ತಕದಲ್ಲಿ 13.18 ತೆರೆದರೆ ‘ಇತಿ ಕ್ಷೇತ್ರಂ ತಥಾ ಜ್ಞಾನಂ’ ಎಂಬ ಉಪಸಂಹಾರದ ಶ್ಲೋಕ ಸಿಗುತ್ತದೆ, ಹೃದಯ ಅಲ್ಲಿಲ್ಲ. ಹೃದಯದ ಮಾತು ಬರುವ 15.15 ಮತ್ತು 18.61ಕ್ಕೆ ಈ ತೊಡಕು ಇಲ್ಲ, ಏಕೆಂದರೆ ಪ್ರಶ್ನೆಯ ಶ್ಲೋಕ ಅಲುಗಾಡಿಸುವುದು ಹದಿಮೂರನೆಯ ಅಧ್ಯಾಯವನ್ನು ಮಾತ್ರ. ಆದ್ದರಿಂದ ಟಿಪ್ಪಣಿಯೂ ಆ ಅಧ್ಯಾಯಕ್ಕಷ್ಟೇ ಸಾಕು: ಹದಿಮೂರನೆಯ ಅಧ್ಯಾಯದ ಸಂಖ್ಯೆಗಳು 34 ಶ್ಲೋಕಗಳ ಎಣಿಕೆಯವು, 35ರ ಎಣಿಕೆಯ ಪುಸ್ತಕಗಳಲ್ಲಿ ಒಂದು ಕೂಡಿಸಿಕೊಳ್ಳಬೇಕು.

ಶ್ಲೋಕದ ಒಂದು ಭಾಗದ ಬಗ್ಗೆ ಮಾತ್ರ ವಾದ ಇದ್ದರೆ ಪಾದವನ್ನೂ ಸೂಚಿಸಬೇಕು. ರೂಢಿಯಲ್ಲಿ ನಾಲ್ಕು ಪಾದಗಳಿಗೆ ಎ, ಬಿ, ಸಿ, ಡಿ ಎಂಬ ಅಕ್ಷರ. ‘ಹೃದಿ ಸರ್ವಸ್ಯ ವಿಷ್ಠಿತಮ್’ ನಾಲ್ಕನೆಯ ಪಾದವಾದ್ದರಿಂದ 13.17ಡಿ. ಇಷ್ಟು ಸೂಕ್ಷ್ಮವಾಗಿ ಹೇಳುವುದಕ್ಕೆ ಇಲ್ಲಿ ಕಾರಣವಿತ್ತು: ‘ವಿಷ್ಠಿತಮ್’ ಎಂಬ ಕಡೆ ‘ಧಿಷ್ಠಿತಮ್’ ಎಂಬ ಪಾಠವೂ ಮುದ್ರಿತ ಪುಸ್ತಕಗಳಲ್ಲಿ ಸಿಗುತ್ತದೆ. ಒಂದು ಪಾಠದಲ್ಲಿ ಎಲ್ಲರ ಹೃದಯದಲ್ಲಿ ವಿಶೇಷವಾಗಿ ನೆಲೆಸಿದ್ದು, ಇನ್ನೊಂದರಲ್ಲಿ ಅಧಿಷ್ಠಾನ ಮಾಡಿದ್ದು. ಯಾವ ಪಾಠ ಓದಿದೆವು ಎಂಬುದನ್ನು ಹೇಳದೆ ಆ ಪದದ ಮೇಲೆ ಒಂದು ಪ್ಯಾರಾ ಬರೆಯುವುದು ತೀರಾ ಅಪಾಯ.

ಗೀತೆಯನ್ನು ಮಹಾಭಾರತದ ಭಾಗವಾಗಿ ಉಲ್ಲೇಖಿಸುವ ಪ್ರಬಂಧಗಳಲ್ಲಿ ಇನ್ನೊಂದು ಅಂಕಿ ಎದುರಾಗುತ್ತದೆ. ಪರಿಷ್ಕೃತ ಆವೃತ್ತಿಯಲ್ಲಿ ಗೀತೆ ಭೀಷ್ಮಪರ್ವದ 23ರಿಂದ 40ನೆಯ ಅಧ್ಯಾಯ, ಹಳೆಯ ಪ್ರಚಲಿತ ಮುದ್ರಣಗಳಲ್ಲಿ 25ರಿಂದ 42. ನಮ್ಮ ಶ್ಲೋಕ ಪರಿಷ್ಕೃತ ಆವೃತ್ತಿಯಲ್ಲಿ 6.35.17. ಅದೇ ಆವೃತ್ತಿಯ ಗಣಕೀಕೃತ ಪಠ್ಯದಲ್ಲಿ ಹುಡುಕಿದರೆ ಸಾಲಿನ ಮುಂದೆ ಇಂಥ ಗುರುತು ಕಾಣುತ್ತದೆ:

```
06035017c
```

ಮೊದಲ ಎರಡು ಅಂಕಿ ಪರ್ವ, ಮುಂದಿನ ಮೂರು ಅಧ್ಯಾಯ, ಆಮೇಲಿನ ಮೂರು ಶ್ಲೋಕ. ಕೊನೆಯ ಅಕ್ಷರ ಆ ಸಾಲು ಯಾವ ಪಾದದಿಂದ ಶುರುವಾಗುತ್ತದೆ ಎಂಬುದನ್ನು ಹೇಳುತ್ತದೆ. ಇಲ್ಲಿ ಮೂರನೆಯದರಿಂದ, ಅಂದರೆ ನಾಲ್ಕನೆಯ ಪಾದವೂ ಅದೇ ಸಾಲಿನಲ್ಲಿದೆ. ಈ ಗುರುತನ್ನು ಹಾಗೇ ಪ್ರಬಂಧಕ್ಕೆ ಅಂಟಿಸಬಾರದು. ಹುಡುಕಲು ಅದು, ಉಲ್ಲೇಖಿಸಲು 6.35.17. ಪರದೆಯ ಮೇಲೆ ಓದಿದ್ದನ್ನು ಮುದ್ರಿತ ಸಂಪುಟದೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಸಂಪುಟದ ಹೆಸರು ಹಾಕಬೇಕು. ಮುದ್ರಿತ ಸಂಪುಟದ ಪುಟದ ಕೆಳಗಿರುವ ಪಾಠಾಂತರಗಳು ಗಣಕೀಕೃತ ಪಠ್ಯದಲ್ಲಿ ಇರುವುದಿಲ್ಲ; ಪದವೊಂದರ ಮೇಲೆ ವಾದ ಕಟ್ಟುವವರಿಗೆ ಬೇಕಾದದ್ದು ಅವೇ.

ಭಾಷ್ಯವನ್ನು ಉಲ್ಲೇಖಿಸುವಾಗ ಶ್ಲೋಕಸಂಖ್ಯೆ ಒಂದೇ ಸಾಲದು. ಶಂಕರರು 13.17ರ ಮೇಲೆ ಹೇಳಿದ್ದು ಕೆಲವೇ ಸಾಲು, ಆದರೆ ಬೇರೆ ಕೆಲವು ಶ್ಲೋಕಗಳ ಭಾಷ್ಯ ಪುಟಗಟ್ಟಲೆ ಸಾಗುತ್ತದೆ. ಅಲ್ಲಿ ಶ್ಲೋಕದ ಜೊತೆ ಸಂಪಾದಕರ ಹೆಸರು, ಪುಟ ಎರಡೂ ಬೇಕು. ಮೂಲಕ್ಕೆ ಶ್ಲೋಕಸಂಖ್ಯೆ, ವ್ಯಾಖ್ಯಾನಕ್ಕೆ ಪುಟ: ಹೀಗೆ ಹಂಚಿಕೊಂಡರೆ ಯಾರ ಮಾತು ಎಲ್ಲಿ ಮುಗಿಯಿತು ಎಂಬುದೂ ತಿಳಿಯಾಗುತ್ತದೆ.

ಕುರ್‌ಆನಿನ ವಿಷಯದಲ್ಲಿ ಪಠ್ಯ ಬಹುಮಟ್ಟಿಗೆ ಒಂದೇ, ಬೇರೆಯಾಗುವುದು ವಾಕ್ಯ ಎಲ್ಲಿ ಮುಗಿಯಿತು ಎಂಬ ಎಣಿಕೆ. ಇಂದು ಬಹುಪಾಲು ಮುದ್ರಣಗಳು ಅನುಸರಿಸುವುದು 1924ರ ಕೈರೋ ಮುದ್ರಣದ ಎಣಿಕೆ, ಅದು ಕೂಫಾ ಪರಂಪರೆಯದು, ಒಟ್ಟು 6,236 ಆಯತ್. ಈ ಎಣಿಕೆಯಲ್ಲಿ ‘ಬಿಸ್ಮಿಲ್ಲಾ’ ಸಾಲು ಮೊದಲ ಸೂರಾದಲ್ಲಿ ಮಾತ್ರ ಆಯತ್ ಆಗಿ ಲೆಕ್ಕಕ್ಕೆ ಬರುತ್ತದೆ. ಉಳಿದ ಕಡೆ ಅಂಕಿಯಿಲ್ಲದೆ ಮೇಲೆ ಇರುತ್ತದೆ. ಅಹ್ಮದೀಯ ಪ್ರಕಟಣೆಗಳು ಅದನ್ನು ಪ್ರತಿ ಸೂರಾದಲ್ಲೂ ಮೊದಲ ಆಯತ್ ಎಂದು ಎಣಿಸುತ್ತವೆ. ನಮ್ಮ ವಾಕ್ಯ ಕೈರೋದಲ್ಲಿ 2:7, ಅಲ್ಲಿ 2:8 ಆದದ್ದು ಅದರಿಂದ. ‘ಬಿಸ್ಮಿಲ್ಲಾ’ ಇಲ್ಲದ ಒಂಬತ್ತನೆಯ ಸೂರಾದಲ್ಲಿ ಈ ವ್ಯತ್ಯಾಸವೂ ಇಲ್ಲ.

ಹಳೆಯ ಯುರೋಪಿಯನ್ ಸಂಶೋಧನೆಗಳು ಇನ್ನೊಂದು ಎಣಿಕೆ ಬಳಸಿದವು: 1834ರಲ್ಲಿ ಲೈಪ್‌ಸಿಗ್‌ನಲ್ಲಿ ಅಚ್ಚಾದ ಗುಸ್ಟಾವ್ ಫ್ಲೂಗಲ್‌ನ ಆವೃತ್ತಿಯದು. ಅದು ಯಾವುದೇ ಮುಸ್ಲಿಂ ಪರಂಪರೆಯ ಎಣಿಕೆಗೆ ಪೂರ್ತಿ ಹೊಂದುವುದಿಲ್ಲ. ಕೈರೋದೊಂದಿಗಿನ ವ್ಯತ್ಯಾಸವೂ ಒಂದೇ ತೆರನಲ್ಲ. ಒಂದೇ ಸೂರಾದೊಳಗೆ ಒಂದೆಡೆ ಹಿಂದೆ ಬಿದ್ದು ಇನ್ನೊಂದೆಡೆ ಮುಂದೆ ಹೋಗುತ್ತದೆ. ಕೈರೋದ 2:255, ಅಂದರೆ ಸಿಂಹಾಸನದ ಆಯತ್, ಫ್ಲೂಗಲ್‌ನಲ್ಲಿ 2:256. ಧರ್ಮದಲ್ಲಿ ಬಲವಂತವಿಲ್ಲ ಎಂಬ 2:256 ಅಲ್ಲಿ 2:257. ಅಂದರೆ ಹಳೆಯ ಪುಸ್ತಕವೊಂದರಲ್ಲಿ 2:256 ಎಂದು ಕಂಡರೆ ಅದು ಇವೆರಡರಲ್ಲಿ ಯಾವುದು ಬೇಕಾದರೂ ಆಗಿರಬಹುದು. ಎರಡೂ ಪ್ರಸಿದ್ಧ ವಾಕ್ಯಗಳಾದ್ದರಿಂದ ತಪ್ಪು ಗೊತ್ತಾಗದೆ ದಾಟಿಹೋಗುತ್ತದೆ. ಇಲ್ಲಿ ಕೂಡಿ ಕಳೆಯುವ ಸೂತ್ರವಿಲ್ಲ. ಆ ಪುಸ್ತಕ ವಾಕ್ಯದ ಬಗ್ಗೆ ಏನು ಹೇಳುತ್ತಿದೆ ಎಂದು ಓದಿ, ಅರಬ್ಬಿಯ ಮೊದಲ ಪದಗಳನ್ನು ಹಿಡಿದು ಕೈರೋ ಮುದ್ರಣದಲ್ಲಿ ಹುಡುಕಬೇಕು. ಪ್ರಬಂಧದಲ್ಲಿ ಕೈರೋ ಸಂಖ್ಯೆ ಕೊಟ್ಟು, ಹಳೆಯ ಲೇಖಕರ ಉದ್ಧರಣೆಯೊಳಗೆ ಅವರ ಸಂಖ್ಯೆ ಉಳಿಸಿ, ಪಕ್ಕದ ಚೌಕ ಕಂಸದಲ್ಲಿ ನಮ್ಮದನ್ನು ಸೇರಿಸಿದೆವು.

ಉಲ್ಲೇಖದ ಆಕಾರ ಶೈಲಿ ಕೈಪಿಡಿಯ ಮೇಲೆ ನಿಂತಿದೆ, ಅದನ್ನು ಕೊನೆಗೆ ನೋಡಿದರೆ ಸಾಕು. ಷಿಕಾಗೊ ಶೈಲಿಯಲ್ಲಿ ಧರ್ಮಗ್ರಂಥ ಸಾಮಾನ್ಯವಾಗಿ ಪಠ್ಯದಲ್ಲೋ ಅಡಿಟಿಪ್ಪಣಿಯಲ್ಲೋ ಇರುತ್ತದೆ, ಗ್ರಂಥಸೂಚಿಗೆ ಹೋಗುವುದಿಲ್ಲ. ಎಂಎಲ್‌ಎಯಲ್ಲೂ ಎಪಿಎ ಏಳನೆಯ ಆವೃತ್ತಿಯಲ್ಲೂ ಬಳಸಿದ ಆವೃತ್ತಿಗೆ ಗ್ರಂಥಸೂಚಿಯಲ್ಲಿ ನಮೂದು ಬೇಕು. ಯಾವ ಶೈಲಿಯಾದರೂ ಧರ್ಮಗ್ರಂಥದ ಮೂಲಕ್ಕೆ ಪುಟಸಂಖ್ಯೆಯ ಬದಲು ಅಧ್ಯಾಯ ಮತ್ತು ವಚನ. ಬೈಬಲಿಗೆ ಕೋಲನ್ ಚಿಹ್ನೆಯೋ ಚುಕ್ಕಿಯೋ ಎಂಬುದನ್ನು ಒಮ್ಮೆ ಆರಿಸಿ ಕೊನೆವರೆಗೂ ಅದನ್ನೇ ಉಳಿಸಬೇಕು. ನಾವು ಬೈಬಲಿಗೂ ಕುರ್‌ಆನಿಗೂ ಕೋಲನ್, ಗೀತೆಗೆ ಚುಕ್ಕಿ ಇಟ್ಟೆವು, ಆಯಾ ಕ್ಷೇತ್ರದ ರೂಢಿ ಅದೇ ಆದ್ದರಿಂದ. ‘51:12 ಮತ್ತು ಮುಂದೆ’ ಎಂಬ ಬಗೆಯ ಬರಹವನ್ನು ಪೂರ್ತಿ ಬಿಟ್ಟೆವು. ಎಲ್ಲಿಯವರೆಗೆ ಎಂದು ಹೇಳದ ಉಲ್ಲೇಖವನ್ನು ಯಾರೂ ಪರಿಶೀಲಿಸಲಾರರು.

ವ್ಯಾಪ್ತಿ ಕೊಡುವಾಗ ಹೊಸ ಒಡಂಬಡಿಕೆಯಲ್ಲಿ ಒಂದು ಕಡೆ ತಡೆಯಿತು. ಮತ್ತಾಯ 17:20–22 ಎಂದು ಬರೆದಿದ್ದ ಕಡೆ ಎನ್‌ಆರ್‌ಎಸ್‌ವಿ ತೆರೆದರೆ 20 ಆದ ಮೇಲೆ ನೇರ 22. ವಚನಗಳಿಗೆ ಅಂಕಿ ಕೊಟ್ಟದ್ದು ರಾಬರ್ಟ್ ಎತಿಯೆನ್‌ನ 1551ರ ಗ್ರೀಕ್ ಮುದ್ರಣ. ಅವನ ಪಠ್ಯದಲ್ಲಿ 21 ಇತ್ತು. ಮುಂದೆ ಹಳೆಯ ಹಸ್ತಪ್ರತಿಗಳಲ್ಲಿ ಆ ವಾಕ್ಯ ಕಾಣದ್ದರಿಂದ ಸಂಪಾದಕರು ಅದನ್ನು ಟಿಪ್ಪಣಿಗೆ ಇಳಿಸಿದರು, ಅಂಕಿಗಳನ್ನು ಮಾತ್ರ ಮರುಜೋಡಿಸಲಿಲ್ಲ. ಹಾಗೆ ಮಾಡಿದ್ದರೆ ಆವರೆಗಿನ ಉಲ್ಲೇಖಗಳೆಲ್ಲ ಅಡ್ಡಾದಿಡ್ಡಿಯಾಗುತ್ತಿದ್ದವು. ನಾವು 17:20, 22 ಎಂದು ಬಿಡಿಸಿ ಬರೆದೆವು.

ಕೊನೆಯ ಪರಿಶೀಲನೆಗೆ ಒಬ್ಬರು ಪ್ರಬಂಧದ ಅಚ್ಚುಪ್ರತಿ, ಇನ್ನೊಬ್ಬರು ಪುಸ್ತಕ ಹಿಡಿದು ಕೂತೆವು. ಒಬ್ಬರು ಸಂಖ್ಯೆ ಮತ್ತು ಆವೃತ್ತಿಯನ್ನು ಮಾತ್ರ ಓದುತ್ತಾರೆ, ಉದ್ಧರಣೆಯನ್ನು ಓದುವುದಿಲ್ಲ. ಇನ್ನೊಬ್ಬರು ಆ ಆವೃತ್ತಿಯನ್ನೇ ತೆರೆದು ಅಲ್ಲಿರುವ ಮೊದಲ ಪದಗಳನ್ನು ಗಟ್ಟಿಯಾಗಿ ಓದುತ್ತಾರೆ. ಉದ್ಧರಣೆ ಮೊದಲೇ ಕಿವಿಗೆ ಬಿದ್ದಿದ್ದರೆ ಕಣ್ಣು ಪುಟದಲ್ಲಿ ಅದನ್ನೇ ಹುಡುಕಿಕೊಂಡು ಹೋಗುತ್ತದೆ, ಅಂಕಿ ತಪ್ಪಿದ್ದು ಗಮನಕ್ಕೆ ಬರುವುದಿಲ್ಲ. ಈ ಕ್ರಮದಲ್ಲಿ ಅದಕ್ಕೆ ಅವಕಾಶವಿಲ್ಲ. ಗೀತೆಯ 13.18 ಎಂಬ ಒಂದು ಉಲ್ಲೇಖ ಆಗಲೂ ಉಳಿದಿತ್ತು. ‘ಇತಿ ಕ್ಷೇತ್ರಂ’ ಎಂಬ ಓದು ಕೇಳಿದೊಡನೆ ಅದನ್ನು 13.17 ಎಂದು ತಿದ್ದಿ, ಪಟ್ಟಿಯ ಆ ಸಾಲಿಗೆ ಗೆರೆ ಎಳೆದೆವು.